ಒಂದು ಸಂಖ್ಯೆಗೆ ಅರ್ಧ ಚಕ್ರ ಯಾಕೆ?

ಮಳೆಗಾಲ ಬಂತೆಂದರೆ ಕನ್ನಡ ಪತ್ರಿಕೆಗಳಲ್ಲಿ ಜಲಾಶಯಗಳ ಪುಟ್ಟ ಕೋಷ್ಟಕವೊಂದು ದಿನವೂ ಬರುತ್ತದೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ ಎಷ್ಟು, ಇಂದು ಎಷ್ಟಿದೆ, ಒಳಹರಿವು ಎಷ್ಟು, ಹೊರಹರಿವು ಎಷ್ಟು. ನೋಡಲು ಸಪ್ಪೆ. ಆದರೆ ಮಂಡ್ಯದ ಭತ್ತದ ರೈತನಿಂದ ಹಿಡಿದು ಬೆಂಗಳೂರಿನ ನಲ್ಲಿ ನೀರಿನ ಮನೆಯವರವರೆಗೆ ಎಲ್ಲರೂ ಅದರ ಮೇಲೊಮ್ಮೆ ಕಣ್ಣಾಡಿಸುತ್ತಾರೆ. ಇದೇ ಅಂಕಿ ಅಂಶವನ್ನು ಯಾರಾದರೂ ಕಂಪ್ಯೂಟರ್ ಪರದೆಗೆ ಹಾಕಲು ಕೂತರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಕಾರಿನ ಸ್ಪೀಡೋಮೀಟರಿನಂಥ ನಾಲ್ಕು ಅರ್ಧ ಚಕ್ರಗಳು ಬರುತ್ತವೆ. ಕೆಂಪು, ಹಳದಿ, ಹಸಿರು ಪಟ್ಟೆ, ನಡುವೆ ಒಂದು ಮುಳ್ಳು, ಕೆಳಗೆ ದಪ್ಪಕ್ಷರದಲ್ಲಿ ಒಂದು ಸಂಖ್ಯೆ. ಇದಕ್ಕೆ ಗೇಜ್ ಚಾರ್ಟ್ ಎನ್ನುತ್ತಾರೆ. ಮಾರಾಟ ತಂಡಗಳ ಮೀಟಿಂಗಿನಲ್ಲಿ, ಆಸ್ಪತ್ರೆ, ಬ್ಯಾಂಕುಗಳ ಡ್ಯಾಶ್‌ಬೋರ್ಡುಗಳಲ್ಲಿ ಎಲ್ಲಿ ನೋಡಿದರೂ ಇದೇ. ನನ್ನ ಪ್ರಕಾರ ಆ ಸಪ್ಪೆ ಕೋಷ್ಟಕವೇ ಇದಕ್ಕಿಂತ ಹೆಚ್ಚು ಹೇಳುತ್ತದೆ. ಅದಕ್ಕಿಂತಲೂ ಹೆಚ್ಚು ಹೇಳುವ ಚಿತ್ರವೊಂದಿದೆ, ಅದು ಬುಲೆಟ್ ಚಾರ್ಟ್.

ಮೊದಲು ಸ್ಪೀಡೋಮೀಟರಿಗೆ ನ್ಯಾಯ ಸಲ್ಲಿಸೋಣ. ಕಾರಿನಲ್ಲಿ ಅದು ದುಂಡಗಿರುವುದಕ್ಕೆ ಕಾರಣವಿದೆ. ಜರ್ಮನಿಯ ಒಟ್ಟೊ ಶುಲ್ಜೆ 1902ರಲ್ಲಿ ಪೇಟೆಂಟ್ ಪಡೆದ ವೇಗಮಾಪಕದಲ್ಲಿ, ಚಕ್ರದ ಜೊತೆ ತಿರುಗುವ ಒಂದು ಅಯಸ್ಕಾಂತ ಇರುತ್ತದೆ. ಅದು ಪಕ್ಕದಲ್ಲಿರುವ ಲೋಹದ ಬಟ್ಟಲನ್ನು ತನ್ನ ಜೊತೆ ಎಳೆಯುತ್ತದೆ, ಸಣ್ಣ ಸ್ಪ್ರಿಂಗೊಂದು ಅದನ್ನು ಹಿಂದಕ್ಕೆ ಹಿಡಿಯುತ್ತದೆ. ವೇಗ ಹೆಚ್ಚಿದಷ್ಟೂ ಬಟ್ಟಲು ಹೆಚ್ಚು ತಿರುಗುತ್ತದೆ, ಅದಕ್ಕೆ ಸಿಕ್ಕಿಸಿದ ಮುಳ್ಳೂ ತಿರುಗುತ್ತದೆ. ಅಂದರೆ ಒಳಗಿನ ಯಂತ್ರ ತಿರುಗುವ ಯಂತ್ರವಾದ್ದರಿಂದ ಹೊರಗಿನ ಮುಖ ದುಂಡಗಾಯಿತು. ಚಾಲಕನಿಗೆ ಬೇಕಾದದ್ದೂ ಒಂದೇ ಸಂಗತಿ, ಈ ಗಳಿಗೆಯಲ್ಲಿ ವೇಗ ಎಷ್ಟು ಎಂಬುದು. ಹೋದ ವರ್ಷ ಇದೇ ದಿನ ಇದೇ ತಿರುವಿನಲ್ಲಿ ಎಷ್ಟು ವೇಗದಲ್ಲಿದ್ದೆ ಎಂದು ಯಾವ ಚಾಲಕನೂ ಕೇಳುವುದಿಲ್ಲ. ಜಲಾಶಯದ ವಿಷಯದಲ್ಲಾದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆಯೇ ಅದು.

ಪರದೆಯ ಮೇಲೆ ಬಟ್ಟಲೂ ಇಲ್ಲ, ಸ್ಪ್ರಿಂಗೂ ಇಲ್ಲ. ಆದರೂ ಆಕಾರ ಮಾತ್ರ ಉಳಿದುಕೊಂಡಿದೆ.

ಅದು ತಿನ್ನುವ ಜಾಗವನ್ನು ಅಳೆದೇ ನೋಡಬಹುದು. 6 ಸೆಂಟಿಮೀಟರ್ ಅಗಲದ ಅರ್ಧ ಚಕ್ರವೊಂದನ್ನು ತೆಗೆದುಕೊಳ್ಳಿ. ಅದರ ಎತ್ತರ 3 ಸೆಂಟಿಮೀಟರ್, ಅಂದರೆ ಆಯತದ ಲೆಕ್ಕದಲ್ಲಿ 18 ಚದರ ಸೆಂಟಿಮೀಟರ್ ಜಾಗ. ಬಣ್ಣದ ಬಳೆ ಸಾಮಾನ್ಯವಾಗಿ ಹೊರಗಿನ ಅಂಚಿನಲ್ಲಷ್ಟೇ ಇರುತ್ತದೆ. ಬಳೆಯ ಒಳ ತ್ರಿಜ್ಯ ಹೊರ ತ್ರಿಜ್ಯದ ನೂರಕ್ಕೆ 65ರಷ್ಟು ಎಂದಿಟ್ಟುಕೊಂಡರೆ ಬಳೆಯ ಪಾಲು ಸುಮಾರು 8 ಚದರ ಸೆಂಟಿಮೀಟರ್. ಉಳಿದ 10 ಬರೀ ಬಯಲು. ಕೆಳಗೆ ಹೆಸರು, ಸಂಖ್ಯೆ ಬರೆಯಲು ಇನ್ನೊಂದು ಸೆಂಟಿಮೀಟರ್ ಸೇರಿಸಿದರೆ ಒಟ್ಟು 24 ಚದರ ಸೆಂಟಿಮೀಟರ್ ಹೋಯಿತು, ಓದುಗನಿಗೆ ಸಿಕ್ಕಿದ್ದು ಒಂದು ಸಂಖ್ಯೆ. ಅಂಥ ನಾಲ್ಕು ಚಕ್ರ ಹಾಕಿದರೆ ಮೊಬೈಲ್ ಪರದೆ ತುಂಬಿಹೋಗುತ್ತದೆ. ಬುಲೆಟ್ ಚಾರ್ಟಿಗೆ ಬೇಕಾಗುವುದು ಸಾಲೊಂದಕ್ಕೆ ಒಂದು ಸೆಂಟಿಮೀಟರ್ ಎತ್ತರ. ಒಂದು ಚಕ್ರದ ಜಾಗದಲ್ಲಿ ನಾಲ್ಕೂ ಜಲಾಶಯಗಳು ಒಂದರ ಕೆಳಗೊಂದು ಕೂರುತ್ತವೆ.

ಎಕ್ಸೆಲ್‌ನಲ್ಲಿ ಗೇಜ್ ಮಾಡಿದವರಿಗೆ ಈ ಪೋಲು ಇನ್ನೂ ಚೆನ್ನಾಗಿ ಗೊತ್ತು. ಎಕ್ಸೆಲ್‌ನಲ್ಲಿ ಗೇಜ್ ಎಂಬ ಚಾರ್ಟೇ ಇಲ್ಲ, ಹಾಗಾಗಿ ಜನ ಡೋನಟ್ ಚಾರ್ಟನ್ನು ಬಗ್ಗಿಸಿ ಮಾಡಿಕೊಳ್ಳುತ್ತಾರೆ. ಬಣ್ಣದ ಪಟ್ಟೆಗಳಿಗೆ 50, 30, 20 ಎಂದು ಕೊಟ್ಟು, ಕೊನೆಗೆ ಅವುಗಳ ಮೊತ್ತವಾದ 100ನ್ನೂ ಒಂದು ಭಾಗವಾಗಿ ಸೇರಿಸುತ್ತಾರೆ. ಆಮೇಲೆ Angle of first slice ಎಂಬಲ್ಲಿ 270 ಎಂದು ತಿರುಗಿಸಿ, ಆ ಕೊನೆಯ ಭಾಗಕ್ಕೆ No fill ಕೊಡುತ್ತಾರೆ. ಅರ್ಧ ಚಾರ್ಟನ್ನು ಬೇಕೆಂದೇ ಕಾಣದಂತೆ ಮಾಡಿದ ಮೇಲೂ ಅದು ಆಕ್ರಮಿಸಿದ ಜಾಗ ಹಾಗೇ ಇರುತ್ತದೆ. ಮುಳ್ಳಿಗಾಗಿ ಅದರ ಮೇಲೆ ಇನ್ನೊಂದು ಪೈ ಚಾರ್ಟ್, ಅದರಲ್ಲೂ ಒಂದು ತೆಳು ಚೂರು ಬಿಟ್ಟು ಉಳಿದದ್ದೆಲ್ಲ ಮಾಯ!

ಜಾಗದ ಮಾತು ಹಾಗಿರಲಿ, ಕಣ್ಣಿನ ತೊಂದರೆ ಅದಕ್ಕಿಂತ ದೊಡ್ಡದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಕ್ಷೇತ್ರದಲ್ಲಿ ಇಂದಿಗೂ ಆಧಾರ. ಚಿತ್ರದಿಂದ ಸಂಖ್ಯೆಯನ್ನು ಅಂದಾಜು ಮಾಡುವಾಗ ಜನ ಎಲ್ಲಿ ಸರಿಯಾಗಿ ಹೇಳುತ್ತಾರೆ, ಎಲ್ಲಿ ತಪ್ಪುತ್ತಾರೆ ಎಂದು ಅವರು ನೋಡಿದರು. ಒಂದೇ ನೇರ ಅಳತೆಗೆರೆಯ ಮೇಲಿರುವ ಎರಡು ತುದಿಗಳನ್ನು ಹೋಲಿಸುವುದರಲ್ಲಿ ಕಣ್ಣು ಎಲ್ಲಕ್ಕಿಂತ ಚುರುಕು. ಕೋನಗಳನ್ನು ಹೋಲಿಸಬೇಕಾದಾಗ ತಪ್ಪು ಸರಿಸುಮಾರು ಎರಡು ಪಟ್ಟಾಗುತ್ತದೆ. ಅವರು ನೋಡಿದ್ದು ಪೈ ಚಾರ್ಟಿನ ಕೋನಗಳನ್ನು, ಗೇಜಿನ ಮುಳ್ಳನ್ನಲ್ಲ. ಗೇಜಿನ ಅಂಚಿನಲ್ಲಿ ಗುರುತುಗಳಿದ್ದರೆ ಕಣ್ಣಿಗೆ ಸ್ವಲ್ಪ ನೆರವಾಗುತ್ತದೆ ಎಂಬುದನ್ನೂ ಒಪ್ಪಬೇಕು. ಆದರೆ ನಾಲ್ಕು ಗೇಜ್‌ಗಳನ್ನು ಅಕ್ಕಪಕ್ಕ ಇಟ್ಟಾಗ ನಾವು ಮಾಡುವುದು ನಾಲ್ಕು ಮುಳ್ಳುಗಳ ಓರೆಯನ್ನು ಹೋಲಿಸುವ ಕೆಲಸವೇ, ಮತ್ತು ಆ ಕೆಲಸದಲ್ಲಿ ನಾವು ಯಾರೂ ನಿಪುಣರಲ್ಲ.

ಈಗ ಬುಲೆಟ್ ಚಾರ್ಟಿಗೆ ಬರೋಣ. ಡ್ಯಾಶ್‌ಬೋರ್ಡುಗಳಲ್ಲಿ ಗೇಜ್‌ಗಳ ಹಾವಳಿ ನೋಡಿ ಬೇಸತ್ತ ಸ್ಟೀಫನ್ ಫ್ಯೂ ಎಂಬ ಅಮೆರಿಕದ ಸಲಹೆಗಾರ 2005ರ ಸುಮಾರಿಗೆ ಇದನ್ನು ರೂಪಿಸಿದರು. ಮರುವರ್ಷ ಬಂದ ಅವರ ಡ್ಯಾಶ್‌ಬೋರ್ಡ್ ವಿನ್ಯಾಸದ ಪುಸ್ತಕದ ಮೂಲಕ ಅದು ಹರಡಿತು. ರಚನೆ ಬಹಳ ಸರಳ. ಎಡಗಡೆ ಹೆಸರು. ಅದರ ಬಲಕ್ಕೆ ಉದ್ದನೆಯ ಅಡ್ಡಪಟ್ಟಿ, ಅದರಲ್ಲಿ ಒಂದೇ ಬಣ್ಣದ ಎರಡು ಮೂರು ಛಾಯೆಗಳು, ಕಡುವಿನಿಂದ ತಿಳಿಯವರೆಗೆ. ಕಡು ಎಂದರೆ ಕೆಟ್ಟ ಸ್ಥಿತಿ, ತಿಳಿ ಎಂದರೆ ಒಳ್ಳೆಯದು. ಆ ಪಟ್ಟಿಯ ನಟ್ಟನಡುವೆ, ಅದರ ಮೂರನೇ ಒಂದು ಭಾಗದಷ್ಟು ದಪ್ಪದ ಕಪ್ಪು ಗೆರೆ ಸೊನ್ನೆಯಿಂದ ಹೊರಟು ಇಂದಿನ ಅಳತೆಗೆ ಬಂದು ನಿಲ್ಲುತ್ತದೆ. ಅದಕ್ಕೆ ಅಡ್ಡವಾಗಿ ನಿಂತ ಒಂದು ಗಿಡ್ಡ ಗೀಟು, ಹೋಲಿಕೆಗೆ ಬೇಕಾದ ಸಂಖ್ಯೆ. ಅದು ಗುರಿಯಾಗಿರಬಹುದು, ಹೋದ ವರ್ಷದ ಇದೇ ದಿನದ ಅಳತೆಯಾಗಿರಬಹುದು. ಕೆಳಗೆ ಅಳತೆಯ ಗುರುತುಗಳು. ಇಷ್ಟೇ.

ಕಾವೇರಿ ಕೊಳ್ಳದ ನಾಲ್ಕು ಜಲಾಶಯಗಳನ್ನು ಹೀಗೆ ಬರೆದು ನೋಡೋಣ. ಒಟ್ಟು ಸಾಮರ್ಥ್ಯ ಕೆಆರ್‌ಎಸ್‌ಗೆ 49.45 ಟಿಎಂಸಿ, ಹೇಮಾವತಿಗೆ 37.10, ಕಬಿನಿಗೆ 19.52, ಹಾರಂಗಿಗೆ 8.50. ಇವು ನಿಜವಾದ ಸಂಖ್ಯೆಗಳು. ಮುಂದಿನವು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ಜುಲೈನ ಒಂದು ದಿನ ಕೆಆರ್‌ಎಸ್‌ನಲ್ಲಿ 30 ಟಿಎಂಸಿ ನೀರಿದೆ, ಹೋದ ವರ್ಷ ಇದೇ ದಿನ 42 ಇತ್ತು. ಹೇಮಾವತಿಯಲ್ಲಿ 26, ಹೋದ ವರ್ಷ 22. ಕಬಿನಿಯಲ್ಲಿ 18.5, ಹೋದ ವರ್ಷ 18. ಹಾರಂಗಿಯಲ್ಲಿ 7.2, ಹೋದ ವರ್ಷ 7.6.

ಗೇಜ್‌ನಲ್ಲಿ ಇದು ಹೇಗೆ ಕಾಣುತ್ತದೆ? ನಾಲ್ಕೂ ಚಕ್ರಗಳು ಒಂದೇ ಗಾತ್ರದವು, ಹಾಗಾಗಿ ಶೇಕಡಾವಾರು ಲೆಕ್ಕವೇ ಗತಿ. ಕಬಿನಿಯ ಮುಳ್ಳು ನೂರಕ್ಕೆ 95ರ ಹತ್ತಿರ ಹಸಿರಿನಲ್ಲಿ ಬಲಕ್ಕೆ ಬಾಗಿರುತ್ತದೆ. ಹಾರಂಗಿಯದು 85, ಹೇಮಾವತಿಯದು 70, ಕೆಆರ್‌ಎಸ್‌ನದು 61ರಲ್ಲಿ ಹಳದಿಯ ಮೇಲೆ. ನೋಡಿದವನ ಮನಸ್ಸಿನಲ್ಲಿ ಉಳಿಯುವುದು ಎರಡು ಚೆನ್ನಾಗಿವೆ, ಒಂದು ಪರವಾಗಿಲ್ಲ, ಒಂದು ಹಿಂದೆ ಬಿದ್ದಿದೆ ಎಂಬ ಭಾವನೆ. ಆದರೆ ಪುಟ್ಟ ಹಾರಂಗಿ ತುಳುಕುತ್ತಿದ್ದರೂ ಅದರಲ್ಲಿರುವುದು 7.2 ಟಿಎಂಸಿ. ಹಳದಿಗೆ ಬಿದ್ದ ಕೆಆರ್‌ಎಸ್‌ನಲ್ಲಿ ಅದರ ನಾಲ್ಕು ಪಟ್ಟಿಗಿಂತ ಹೆಚ್ಚು ನೀರಿದೆ. ಈ ಸಂಗತಿಯನ್ನು ಒಂದೇ ಗಾತ್ರದ ಚಕ್ರಗಳು ಹೇಳಲಾರವು. ಹೋದ ವರ್ಷದ ಸಂಖ್ಯೆಗೆ ಅಲ್ಲಿ ಎಡೆಯೇ ಇಲ್ಲ. ಎರಡನೇ ಮುಳ್ಳು ಹಾಕಿದರೆ ಗಡಿಯಾರವಾಗುತ್ತದೆ. ಬಳೆಯ ಮೇಲೆ ಸಣ್ಣ ಗುರುತು ಹಾಕಿದರೆ ಮುಳ್ಳಿನ ತುದಿಗೂ ಅದಕ್ಕೂ ನಡುವಿನ ದೂರವನ್ನು ಕಣ್ಣು ಬಾಗುಗೆರೆಯ ಮೇಲೆ ಅಳೆಯಬೇಕು.

ಬುಲೆಟ್ ಚಾರ್ಟಿನಲ್ಲಿ ನಾಲ್ಕಕ್ಕೂ ಒಂದೇ ಅಳತೆಗೆರೆ, ಸೊನ್ನೆಯಿಂದ 50 ಟಿಎಂಸಿ. ಪ್ರತಿ ಜಲಾಶಯದ ಹಿನ್ನೆಲೆ ಪಟ್ಟಿ ಅದರ ಸಾಮರ್ಥ್ಯದಷ್ಟೇ ಉದ್ದ. ಕೆಆರ್‌ಎಸ್‌ನದು ಹೆಚ್ಚುಕಡಿಮೆ ಬಲತುದಿಯವರೆಗೆ, ಹಾರಂಗಿಯದು ಆರನೇ ಒಂದು ಪಾಲು. ಕಪ್ಪು ಗೆರೆಗಳ ಉದ್ದ ನೋಡಿದರೆ ನೀರು ಎಲ್ಲಿ ಹೆಚ್ಚಿದೆ ಎಂದು ಗೊತ್ತಾಗುತ್ತದೆ. ಗೆರೆಯ ತುದಿಗೂ ಪಟ್ಟಿಯ ತುದಿಗೂ ಇರುವ ಅಂತರ ನೋಡಿದರೆ ತುಂಬಲು ಎಷ್ಟು ಬಾಕಿ ಎಂದು ತಿಳಿಯುತ್ತದೆ. ಅಡ್ಡ ಗೀಟು ನೋಡಿದರೆ ನಿಜವಾದ ಸುದ್ದಿ ಎದ್ದು ಕಾಣುತ್ತದೆ: ಮೂರರಲ್ಲಿ ಗೆರೆಯ ತುದಿ ಗೀಟಿನ ಆಸುಪಾಸಿನಲ್ಲೇ ಇದೆ ಅಥವಾ ಅದನ್ನು ದಾಟಿದೆ, ಕೆಆರ್‌ಎಸ್‌ನಲ್ಲಿ ಮಾತ್ರ ಗೀಟಿಗಿಂತ 12 ಟಿಎಂಸಿ ಹಿಂದೆಯೇ ನಿಂತಿದೆ. ಆ ಖಾಲಿ ಅಂತರವೊಂದೇ ಇಡೀ ಹಾರಂಗಿ ಜಲಾಶಯಕ್ಕಿಂತ ದೊಡ್ಡದು ಎಂಬುದೂ, ಎರಡು ಸಾಲುಗಳು ಮೇಲೆ ಕೆಳಗೆ ಇರುವುದರಿಂದ, ಯಾರೂ ಹೇಳಿಕೊಡದೆ ಕಾಣುತ್ತದೆ.

ಛಾಯೆಗಳನ್ನು ಎಲ್ಲಿ ಬದಲಾಯಿಸಬೇಕು ಎಂಬುದು ಚಿತ್ರ ಬರೆಯುವವನ ತೀರ್ಮಾನವಲ್ಲ, ವಿಷಯ ಬಲ್ಲವರ ತೀರ್ಮಾನ. ಕೆಆರ್‌ಎಸ್‌ನಲ್ಲಿ 49.45ರ ಪೈಕಿ ಬಳಕೆಗೆ ಸಿಗುವುದು 45.05 ಟಿಎಂಸಿ. ತಳದ 4.40 ಟಿಎಂಸಿ ಡೆಡ್ ಸ್ಟೋರೇಜ್, ಅದನ್ನು ನಾಲೆಗೆ ಬಿಡಲಾಗದು. ಹಾಗಾದರೆ ಮೊದಲ ಕಡು ಛಾಯೆ 4.40ಕ್ಕೆ ನಿಲ್ಲಬೇಕು. ಎರಡನೆಯದು ಮುಂದಿನ ಮುಂಗಾರಿನವರೆಗೆ ಕುಡಿಯುವ ನೀರಿಗೆ ಎಷ್ಟು ಎತ್ತಿಡಬೇಕು ಎಂದು ನೀರಾವರಿ ಅಧಿಕಾರಿಗಳು ಹೇಳುವ ಸಂಖ್ಯೆಗೆ. ಉಳಿದದ್ದು ತಿಳಿ. ಇಂಥ ಆಧಾರವಿಲ್ಲದೆ ಮೂರು ಸಮಪಾಲು ಮಾಡಿ ಬಣ್ಣ ಬಳಿದರೆ ಅದು ಅಲಂಕಾರ. ಗೇಜ್‌ಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ಅದನ್ನೇ: ಮೂರನೇ ಒಂದು ಕೆಂಪು, ಮೂರನೇ ಒಂದು ಹಳದಿ, ಮೂರನೇ ಒಂದು ಹಸಿರು. ಯಾಕೆ ಎಂದು ಕೇಳಿದರೆ ಟೆಂಪ್ಲೇಟಿನಲ್ಲಿ ಹಾಗೇ ಬಂತು ಎನ್ನುತ್ತಾರೆ.

ಒಂದೇ ಬಣ್ಣದ ಛಾಯೆಗಳು ಯಾಕೆ ಎಂಬುದಕ್ಕೂ ಕಾರಣವಿದೆ. ಗಂಡಸರಲ್ಲಿ ಹಲವರಿಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಬಹಳ ಜನಕ್ಕೆ ತಮಗೆ ಆ ತೊಂದರೆ ಇದೆ ಎಂಬುದೂ ತಿಳಿದಿರುವುದಿಲ್ಲ. ಜೊತೆಗೆ, ಕಚೇರಿಯ ಪ್ರಿಂಟರು ಕಪ್ಪು ಬಿಳುಪಿನದಾಗಿದ್ದರೆ ಕೆಂಪು ಹಸಿರು ಎರಡೂ ಒಂದೇ ಬೂದಿ ಬಣ್ಣವಾಗಿ ಹೊರಬರುತ್ತವೆ. ಕಡು ಮತ್ತು ತಿಳಿ ಜೆರಾಕ್ಸ್ ಆದ ಮೇಲೂ ಕಡು ಮತ್ತು ತಿಳಿಯಾಗಿಯೇ ಉಳಿಯುತ್ತವೆ. ಕಡಿಮೆ ಇದ್ದಷ್ಟೂ ಒಳ್ಳೆಯದು ಎನ್ನುವಂಥ ಅಳತೆಗಳಿದ್ದರೆ, ಉದಾಹರಣೆಗೆ ವಿದ್ಯುತ್ ಕಂಪನಿಯ ವಿತರಣಾ ನಷ್ಟ, ಛಾಯೆಗಳ ಕ್ರಮವನ್ನು ತಿರುಗಿಸಿ ಕಡುವನ್ನು ಬಲಕ್ಕೆ ಇಟ್ಟರಾಯಿತು.

ಬುಲೆಟ್ ಚಾರ್ಟನ್ನೂ ಕೆಡಿಸಬಹುದು. ಎಕ್ಸೆಲ್‌ನಲ್ಲಿ ಇದನ್ನು ಮಾಡುವ ರೂಢಿಯ ದಾರಿ ಹೀಗೆ: ಛಾಯೆಗಳನ್ನು ಒಂದರ ಮೇಲೊಂದು ಪೇರಿಸಿದ ಕಂಬಗಳಾಗಿ ಹಾಕುವುದು, ಇಂದಿನ ಅಳತೆಯನ್ನು Secondary Axisಗೆ ಕಳಿಸಿ Gap Width ಹೆಚ್ಚಿಸಿ ಕಂಬವನ್ನು ತೆಳ್ಳಗೆ ಮಾಡುವುದು, ಹೋಲಿಕೆಯ ಸಂಖ್ಯೆಯನ್ನು ಅಡ್ಡ ಗೀಟಿನ ಗುರುತಾಗಿ ತೋರಿಸುವುದು. ಎಡವುವುದು ಆ ಎರಡನೇ ಅಕ್ಷದಲ್ಲಿ. ಎರಡು ಅಕ್ಷಗಳ ಗರಿಷ್ಠ ಮಿತಿಯನ್ನು ಎಕ್ಸೆಲ್ ತಾನೇ ಬೇರೆ ಬೇರೆಯಾಗಿ ಲೆಕ್ಕ ಹಾಕಿಕೊಳ್ಳುತ್ತದೆ. ಛಾಯೆಗಳ ಅಕ್ಷ 60ರವರೆಗೆ, ಇಂದಿನ ಅಳತೆಯ ಅಕ್ಷ 35ರವರೆಗೆ ಎಂದಾದರೆ, 30 ಟಿಎಂಸಿಯ ಗೆರೆ ಚಿತ್ರದ ತುದಿಯ ಹತ್ತಿರ ಹೋಗಿ ಮುಟ್ಟುತ್ತದೆ. ನೋಡಿದವರು ಕೆಆರ್‌ಎಸ್ ಭರ್ತಿ ಎಂದುಕೊಳ್ಳುತ್ತಾರೆ. ಎರಡೂ ಅಕ್ಷಗಳಿಗೆ Minimum 0, Maximum 50 ಎಂದು ಕೈಯಾರೆ ಬರೆದ ಮೇಲೆಯೇ ಎರಡನೇ ಅಕ್ಷವನ್ನು ಮರೆಮಾಡಬೇಕು. ಪರೀಕ್ಷೆ ಸುಲಭ. ಇಂದಿನ ಅಳತೆಯ ಜಾಗದಲ್ಲಿ ಒಮ್ಮೆ 49.45 ಎಂದು ಟೈಪ್ ಮಾಡಿ. ಕಪ್ಪು ಗೆರೆ ಹಿನ್ನೆಲೆ ಪಟ್ಟಿಯ ತುದಿಗೆ ಸರಿಯಾಗಿ ಬಂದು ನಿಂತರೆ ಚಾರ್ಟ್ ಸರಿ, ಒಂದಿಷ್ಟು ಆಚೀಚೆಯಾದರೂ ಅದು ಸುಳ್ಳು ಹೇಳುತ್ತಿದೆ.

ಇನ್ನೊಂದು ತಪ್ಪು ಸೊನ್ನೆಯದು. ಗೆರೆಯ ಉದ್ದವೇ ಅರ್ಥ ಹೇಳುವುದರಿಂದ ಅದು ಸೊನ್ನೆಯಿಂದಲೇ ಹೊರಡಬೇಕು. ಪತ್ರಿಕೆಗಳು ಕೆಆರ್‌ಎಸ್ ಮಟ್ಟವನ್ನು ಅಡಿಗಳಲ್ಲಿ ಕೊಡುತ್ತವೆ, ಗರಿಷ್ಠ 124.80. ಅಡಿಗಳನ್ನೇ ಗೆರೆಯಾಗಿ ಎಳೆದರೆ ಏನಾಗುತ್ತದೆ ನೋಡಿ. 100 ಅಡಿ ನೀರಿರುವ ದಿನ ಗೆರೆ ನೂರಕ್ಕೆ 80ರಷ್ಟು ಉದ್ದ ಕಾಣುತ್ತದೆ. ನಿಜದಲ್ಲಿ ಆ ದಿನ ಅಣೆಕಟ್ಟೆಯಲ್ಲಿ ಅರ್ಧ ಸಾಮರ್ಥ್ಯದಷ್ಟೂ ನೀರಿರುವುದಿಲ್ಲ. ಕಣಿವೆ ತಳದಲ್ಲಿ ಕಿರಿದು, ಮೇಲೆ ಹೋದಂತೆ ಹರವು, ಹಾಗಾಗಿ ಮೇಲಿನ ಒಂದೊಂದು ಅಡಿಯಲ್ಲೂ ಕೆಳಗಿನ ಅಡಿಗಿಂತ ಎಷ್ಟೋ ಹೆಚ್ಚು ನೀರು ನಿಲ್ಲುತ್ತದೆ. ಈ ಮೋಸ ಗೇಜ್‌ನಲ್ಲೂ ಆಗುತ್ತದೆ, ಬುಲೆಟ್‌ನಲ್ಲೂ ಆಗುತ್ತದೆ. ತಪ್ಪು ಅಳತೆಯನ್ನು ಆರಿಸಿಕೊಂಡವರನ್ನು ಯಾವ ಚಾರ್ಟೂ ಕಾಪಾಡುವುದಿಲ್ಲ. ಅಡಿಗಳಲ್ಲೇ ತೋರಿಸಬೇಕು ಎಂಬ ಹಟವಿದ್ದರೆ ಅಳತೆಗೆರೆಯನ್ನು 70 ಅಡಿಯಿಂದ ಶುರು ಮಾಡಿ, ಗೆರೆ ಎಳೆಯದೆ ಒಂದು ಚುಕ್ಕೆ ಇಡಬೇಕು. ಚುಕ್ಕೆ ತಾನಿರುವ ಜಾಗವನ್ನಷ್ಟೇ ಹೇಳುತ್ತದೆ, ಉದ್ದದ ಮಾತಾಡುವುದಿಲ್ಲ.

ಮೊದಲ ಸಲ ನೋಡುವವರಿಗೆ ಬುಲೆಟ್ ಚಾರ್ಟ್ ಅರ್ಥವಾಗಲು ಒಂದು ನಿಮಿಷ ಬೇಕು, ಸ್ಪೀಡೋಮೀಟರಿಗೆ ಅದೂ ಬೇಡ ಎಂಬ ಆಕ್ಷೇಪ ನಿಜ. ಗೀಟು ಎಂದರೆ ಹೋದ ವರ್ಷ ಎಂದು ಕೆಳಗೆ ಒಂದು ಸಾಲು ಬರೆದರೆ ಆ ನಿಮಿಷವೂ ಉಳಿಯುತ್ತದೆ. ಇದು ಒಂದು ದಿನದ ಚಿತ್ರ ಎಂಬುದೂ ನಿಜವೇ. ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಅದು ಹೇಳುವುದಿಲ್ಲ, ಅದಕ್ಕೆ ಪಕ್ಕದಲ್ಲಿ ಮೂವತ್ತು ದಿನಗಳ ಸಣ್ಣ ಗೆರೆನಕ್ಷೆಯೊಂದು ಬೇಕು. ಗೇಜ್ ಉಳಿಸಿದ ಜಾಗ ಎಲ್ಲಿ ಎಂದು ಹುಡುಕಬೇಕಾಗಿಲ್ಲ, ಬುಲೆಟ್ ಉಳಿಸಿದ ಜಾಗದಲ್ಲಿ ಅದು ಧಾರಾಳವಾಗಿ ಕೂರುತ್ತದೆ. ಇನ್ನು ಹೋಲಿಸಲು ಏನೂ ಇಲ್ಲದ ಒಂಟಿ ಸಂಖ್ಯೆಯಾದರೆ ಬುಲೆಟ್ಟೂ ಬೇಡ, ದಪ್ಪಕ್ಷರದಲ್ಲಿ ಸಂಖ್ಯೆ ಬರೆದರೆ ಸಾಕು.

ಮುಳ್ಳಿನ ಮಾಪಕ ಎಲ್ಲಿಯೂ ಬೇಡ ಎಂದು ನಾನು ಹೇಳುತ್ತಿಲ್ಲ. ಬಾಯ್ಲರ್ ಮನೆಯಲ್ಲಿ ಸಾಲಾಗಿರುವ ಒತ್ತಡದ ಮಾಪಕಗಳನ್ನು, ಎಲ್ಲ ಸರಿಯಿದ್ದಾಗ ಎಲ್ಲ ಮುಳ್ಳುಗಳೂ ಒಂದೇ ದಿಕ್ಕಿಗೆ ನಿಲ್ಲುವಂತೆ ಕೂರಿಸಿದ್ದರೆ, ಓರೆಯಾದ ಒಂದು ಮುಳ್ಳು ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಕೆಲಸಗಾರ ಸಂಖ್ಯೆ ಓದುತ್ತಿಲ್ಲ, ಓರೆ ಹುಡುಕುತ್ತಿದ್ದಾನೆ. ಕ್ಷಣಕ್ಷಣಕ್ಕೂ ಬದಲಾಗುವ ಅಳತೆಗೆ ಮುಳ್ಳು ಒಗ್ಗುತ್ತದೆ. ತಿಂಗಳಿಗೊಮ್ಮೆ ಬದಲಾಗುವ ಮಾರಾಟದ ಲೆಕ್ಕಕ್ಕೆ, ದಿನಕ್ಕೊಮ್ಮೆ ಬದಲಾಗುವ ಜಲಾಶಯದ ಲೆಕ್ಕಕ್ಕೆ ಅಲುಗದ ಮುಳ್ಳಿನಿಂದ ಏನು ಲಾಭ?

ಗೇಜ್ ಇಷ್ಟೊಂದು ಹಬ್ಬಿರುವುದಕ್ಕೆ ಅದರ ಗುಣವೇ ಕಾರಣ ಎಂದು ನನಗನ್ನಿಸುವುದಿಲ್ಲ. ಪವರ್ ಬಿಐಯಂಥ ತಂತ್ರಾಂಶದಲ್ಲಿ ಗೇಜ್ ಗುಂಡಿ ಕಣ್ಣೆದುರಿಗೇ ಇದೆ, ಬುಲೆಟ್ ಚಾರ್ಟನ್ನು ಹೊರಗಿನಿಂದ ತಂದು ಸೇರಿಸಿಕೊಳ್ಳಬೇಕು. ಟ್ಯಾಬ್ಲೋದಲ್ಲಿ ಬುಲೆಟ್ ಕೈಗೆ ಸಿಗುವಂತಿದೆ. ಡ್ಯಾಶ್‌ಬೋರ್ಡ್ ಮಾಡಿಸುವವರಿಗೆ, ಅಂದರೆ ಹಣ ಕೊಡುವವರಿಗೆ, ನನ್ನದೊಂದು ಕೋರಿಕೆ. ಮೊದಲ ಮಾದರಿ ತೋರಿಸಲು ಬಂದವರ ಬಳಿ ಅದರ ಕಪ್ಪು ಬಿಳುಪಿನ ಪ್ರತಿಯೊಂದನ್ನು ಕೇಳಿ ಪಡೆಯಿರಿ. ಅದರಲ್ಲಿ ಹೋದ ವರ್ಷದ ಅಳತೆ ಎಲ್ಲಿದೆ, ಗುರಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ. ತೋರಿಸಲಾಗದಿದ್ದರೆ ಬಿಲ್ಲಿಗೆ ಸಹಿ ಹಾಕಬೇಡಿ.